ಮುರಿದ ಮಣಿಕಟ್ಟು: ಎಕ್ಸ್‌ರೇ ಮುಂದೆ ನಾಲ್ಕು ಪ್ರಶ್ನೆ

ಕಾಲು ಜಾರಿದಾಗ ಯಾರೂ ಯೋಚನೆ ಮಾಡಿ ಬೀಳುವುದಿಲ್ಲ. ಕೈ ತಾನಾಗಿ ಮುಂದಕ್ಕೆ ಚಾಚುತ್ತದೆ, ಅಂಗೈ ನೆಲಕ್ಕೆ ಊರುತ್ತದೆ, ಮೈಭಾರವೆಲ್ಲ ಮಣಿಕಟ್ಟಿನ ಮೇಲೆ ಬೀಳುತ್ತದೆ. ಬಚ್ಚಲಲ್ಲಿ ಜಾರಿದವರು, ಪಾಚಿಗಟ್ಟಿದ ಅಂಗಳದಲ್ಲಿ ಬಿದ್ದವರು, ಸ್ಕೂಟರಿನಿಂದ ಉರುಳಿದವರು ಬಹುಪಾಲು ಮುರಿದುಕೊಳ್ಳುವುದು ಒಂದೇ ಜಾಗವನ್ನು. ಮುಂದೋಳಿನಲ್ಲಿರುವ ಎರಡು ಎಲುಬುಗಳ ಪೈಕಿ ಹೆಬ್ಬೆರಳ ಕಡೆಯದು ರೇಡಿಯಸ್, ಕಿರುಬೆರಳ ಕಡೆಯದು ಅಲ್ನಾ. ಮುರಿಯುವುದು ರೇಡಿಯಸ್ಸಿನ ಕೆಳತುದಿ, ಮಣಿಕಟ್ಟಿನ ಕೀಲಿಗಿಂತ ಎರಡು ಮೂರು ಸೆಂಟಿಮೀಟರ್ ಮೇಲೆ. ಅಲ್ಲಿ ಎಲುಬು ಅಗಲವಾಗುತ್ತದೆ, ಒಳಗೆಲ್ಲ ಜಾಳುಜಾಳಾದ ಮೆದು ಎಲುಬು, ಸುತ್ತಲೂ ತೆಳುವಾದ ಗಟ್ಟಿ ಗೋಡೆ.

ಎಕ್ಸ್‌ರೇ ತೆಗೆಸಿದ ಮೇಲೆ ಮನೆಯವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಮುರಿದಿದೆಯಾ, ಇಲ್ಲವಾ?” ಮೂಳೆ ವೈದ್ಯರಿಗೆ ಆ ಉತ್ತರದಿಂದ ಹೆಚ್ಚೇನೂ ಆಗುವುದಿಲ್ಲ. ಅವರ ಕೆಲಸ ಶುರುವಾಗುವುದೇ ಅದರ ಮುಂದಿನ ನಾಲ್ಕು ಪ್ರಶ್ನೆಗಳಿಂದ. ತುಂಡು ಸರಿದಿದೆಯೇ? ವಾಲಿದೆಯೇ? ಎಷ್ಟು ಚೂರಾಗಿದೆ? ಬಿರುಕು ಕೀಲಿನವರೆಗೆ ಹೋಗಿದೆಯೇ? ರಿಪೋರ್ಟಿನಲ್ಲಿ ಇವು ಡಿಸ್‌ಪ್ಲೇಸ್‌ಮೆಂಟ್, ಆಂಗ್ಯುಲೇಷನ್, ಕಮಿನ್ಯೂಷನ್, ಇಂಟ್ರಾ ಆರ್ಟಿಕ್ಯುಲರ್ ಎಂಬ ಹೆಸರಲ್ಲಿ ಕಾಣಿಸುತ್ತವೆ. ಪ್ಲಾಸ್ಟರ್ ಸಾಕೋ ಆಪರೇಷನ್ ಬೇಕೋ ಎಂಬ ಮಾತು ಈ ನಾಲ್ಕರ ಮೇಲೆಯೇ ಬಹಳಮಟ್ಟಿಗೆ ನಿಂತಿರುತ್ತದೆ.

ಫೋನಿನಲ್ಲಿ ಒಂದು ಮುರಿತ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮಳೆಗಾಲದ ಒಂದು ಬೆಳಿಗ್ಗೆ, ಹೊಲಿಗೆ ಕೆಲಸ ಮಾಡುವ 62 ವರ್ಷದ ಮಹಿಳೆಯೊಬ್ಬರು ಬಚ್ಚಲಲ್ಲಿ ಜಾರಿ ಬಲಗೈ ಊರಿ ಬಿದ್ದರು. ಮಣಿಕಟ್ಟು ಊದಿಕೊಂಡಿತು, ಕೈಯ ಹಿಂಬದಿ ಉಬ್ಬಿ ಆಕಾರವೇ ಬದಲಾಯಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಎಕ್ಸ್‌ರೇ ಆಯಿತು. ಡ್ಯೂಟಿಯಲ್ಲಿದ್ದ ಕಿರಿಯ ವೈದ್ಯರು ಜಿಲ್ಲಾ ಕೇಂದ್ರದ ಮೂಳೆ ತಜ್ಞರಿಗೆ ಫೋನು ಮಾಡಿದರು. ಇಂಥ ಮಾತುಕತೆ ಸಾಮಾನ್ಯವಾಗಿ ಹೀಗಿರುತ್ತದೆ:

“ಸರ್, 62 ವರ್ಷದ ಪೇಷೆಂಟು, ಬಲಗೈ ರೇಡಿಯಸ್ ಫ್ರ್ಯಾಕ್ಚರ್.”

“ಡಿಸ್‌ಪ್ಲೇಸ್ ಆಗಿದೆಯೇನಪ್ಪಾ?”

“ಆಗಿದೆ ಸರ್.”

“ಯಾವ ಕಡೆಗೆ? ಎಷ್ಟು? ಆಂಗ್ಯುಲೇಷನ್ ಎಷ್ಟಿದೆ? ಕಮಿನ್ಯೂಷನ್ ಇದೆಯಾ? ಜಾಯಿಂಟಿಗೆ ಹೋಗಿದೆಯಾ? ಇನ್ನೊಂದು ಸಲ ಫಿಲಂ ನೋಡಿ ಹೇಳು.”

ಈಗ ಮೊಬೈಲಿನಲ್ಲಿ ಫೋಟೊ ಕಳಿಸುತ್ತಾರಲ್ಲ, ಮಾತೇಕೆ ಎನ್ನಬಹುದು. ಕಳಿಸುತ್ತಾರೆ ನಿಜ. ಆದರೆ ಬೆಳಕಿನ ಪೆಟ್ಟಿಗೆಯ ಮುಂದೆ ಓರೆಯಾಗಿ ಹಿಡಿದು ತೆಗೆದ ಫೋಟೊದಲ್ಲಿ ಕೂದಲೆಳೆಯ ಬಿರುಕು ಕಾಣುವುದಿಲ್ಲ, ಕೋನ ಅಳೆಯಲಾಗುವುದಿಲ್ಲ. ಫಿಲಂ ನೋಡಿದವರು ಹೇಳಿದ್ದನ್ನು ಕೇಳಿ, ನೋಡದವರು ಕಾಗದದ ಮೇಲೆ ಆ ಮುರಿತವನ್ನು ಬರೆಯಲು ಬರಬೇಕು. ಒಳ್ಳೆಯ ವರ್ಣನೆಗೆ ಇದೇ ಪರೀಕ್ಷೆ.

ಎಕ್ಸ್‌ರೇ ಹುಟ್ಟುವ ಮೊದಲು ಈ ಮುರಿತವನ್ನು ಕೈಮುಟ್ಟಿಯೇ ವರ್ಣಿಸಿದವರಿದ್ದರು. ಡಬ್ಲಿನ್ನಿನ ಶಸ್ತ್ರವೈದ್ಯ ಅಬ್ರಹಾಂ ಕಾಲೀಸ್ 1814ರಲ್ಲಿ ಇದರ ಬಗ್ಗೆ ಬರೆದ. ರಾಂಟ್‌ಜೆನ್ ಕ್ಷಕಿರಣ ಕಂಡುಹಿಡಿದದ್ದು 1895ರಲ್ಲಿ, ಅಂದರೆ 81 ವರ್ಷ ತಡವಾಗಿ. ಮಣಿಕಟ್ಟಿಗಿಂತ ಒಂದೂವರೆ ಇಂಚು ಮೇಲೆ ಮುರಿದು ಹಿಂಬದಿಗೆ ಸರಿಯುವ ಈ ಪೆಟ್ಟಿಗೆ ಇಂದಿಗೂ ಕಾಲೀಸ್ ಫ್ರ್ಯಾಕ್ಚರ್ ಎಂದೇ ಹೆಸರು. ಆದರೆ ಹೆಸರು ಹೇಳಿದ ಮಾತ್ರಕ್ಕೆ ವರ್ಣನೆ ಮುಗಿಯುವುದಿಲ್ಲ. ಒಂದು ಕಾಲೀಸ್ ಫ್ರ್ಯಾಕ್ಚರ್ ಪ್ಲಾಸ್ಟರಿನಲ್ಲಿ ಸರಾಗವಾಗಿ ಕೂಡಿಕೊಂಡರೆ, ಇನ್ನೊಂದು ಎರಡೇ ವಾರದಲ್ಲಿ ಕುಸಿದುಹೋಗುತ್ತದೆ. ಈ ವ್ಯತ್ಯಾಸ ಹೆಸರಿನಲ್ಲಿ ಕಾಣುವುದಿಲ್ಲ.

ಎರಡು ಫಿಲಂ ಬೇಕೇ ಬೇಕು

ಮಣಿಕಟ್ಟಿಗೆ ಕನಿಷ್ಠ ಎರಡು ದಿಕ್ಕಿನಿಂದ ಎಕ್ಸ್‌ರೇ ತೆಗೆಯಬೇಕು. ಅಂಗೈಯನ್ನು ಪ್ಲೇಟಿನ ಮೇಲೆ ಚಪ್ಪಟೆಯಾಗಿ ಊರಿ ತೆಗೆಯುವುದು ಒಂದು. ಹೆಬ್ಬೆರಳು ಮೇಲೆ ಬರುವಂತೆ ಕೈಯನ್ನು ಪಕ್ಕಕ್ಕೆ ನಿಲ್ಲಿಸಿ ತೆಗೆಯುವುದು ಇನ್ನೊಂದು. ಮೊದಲನೆಯದರಲ್ಲಿ ಎಲುಬು ಗಿಡ್ಡವಾಗಿದೆಯೇ, ಹೆಬ್ಬೆರಳ ಕಡೆಗೆ ಸರಿದಿದೆಯೇ, ಬಿರುಕು ಕೀಲಿಗೆ ಇಳಿದಿದೆಯೇ ಎಂಬುದು ಕಾಣುತ್ತದೆ. ತುಂಡು ಅಂಗೈ ಕಡೆಗೆ ಹೋಗಿದೆಯೋ ಹಿಂಬದಿಗೆ ಹೋಗಿದೆಯೋ ಎಂಬುದು ಪಕ್ಕದ ಫಿಲಂನಲ್ಲಿ ಮಾತ್ರ ಗೊತ್ತಾಗುತ್ತದೆ. ಚಪ್ಪಟೆ ಫಿಲಂ ಒಂದನ್ನೇ ನೋಡಿ “ಅಂಥದ್ದೇನಿಲ್ಲ, ಸಣ್ಣ ಕ್ರ್ಯಾಕು” ಎಂದವರು ಪಕ್ಕದ ಫಿಲಂ ನೋಡಿ ಬೆಚ್ಚುವುದು ಅಪರೂಪವೇನಲ್ಲ.

ಪಕ್ಕದ ಫಿಲಂ ಸರಿಯಾಗಿ ಬಂದಿದೆಯೇ ಎಂದೂ ನೋಡಬೇಕು. ನೋವಿನ ಕೈಯನ್ನು ನೇರವಾಗಿ ನಿಲ್ಲಿಸುವುದು ಕಷ್ಟ. ಸ್ವಲ್ಪ ಹೊರಳಿದರೂ ಕೋನದ ಅಳತೆ ಬದಲಾಗುತ್ತದೆ. ರೇಡಿಯಸ್ಸೂ ಅಲ್ನಾವೂ ಒಂದರ ಮೇಲೊಂದು ಕೂತಂತೆ ಕಂಡರೆ ಫಿಲಂ ಹೆಚ್ಚುಕಡಿಮೆ ನೇರವಾಗಿದೆ ಎಂದರ್ಥ. ಅವು ಅಕ್ಕಪಕ್ಕ ಬಿಡಿಬಿಡಿಯಾಗಿ ಕಂಡರೆ ಕೈ ಹೊರಳಿರಬಹುದು, ಅಥವಾ ಎರಡು ಎಲುಬುಗಳ ನಡುವಿನ ಕೀಲೇ ತಪ್ಪಿರಬಹುದು. ಅಂಥ ಫಿಲಂ ಮೇಲೆ ಡಿಗ್ರಿ ಲೆಕ್ಕ ಹಾಕುವ ಮೊದಲು ಮತ್ತೊಂದು ಸಲ ತೆಗೆಸುವುದೇ ಸರಿ.

ಸರಿದಿದೆಯೇ?

ಮೊದಲ ಪ್ರಶ್ನೆ ಡಿಸ್‌ಪ್ಲೇಸ್‌ಮೆಂಟ್. ಇಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ: ಯಾವಾಗಲೂ ಬೆರಳ ಕಡೆಯ ತುಂಡು ಎತ್ತ ಹೋಗಿದೆ ಎಂದು ಹೇಳಬೇಕು. ಮೊಣಕೈ ಕಡೆಯ ತುಂಡು ಇದ್ದಲ್ಲೇ ಇದೆ ಎಂದು ಇಟ್ಟುಕೊಳ್ಳಬೇಕು. ಈ ನಿಯಮ ಪಾಲಿಸದಿದ್ದರೆ ಒಬ್ಬರು ಹಿಂದೆ ಎಂದದ್ದು ಇನ್ನೊಬ್ಬರಿಗೆ ಮುಂದೆ ಎಂದು ಕೇಳಿಸುತ್ತದೆ.

ಅಂಗೈ ಊರಿ ಬಿದ್ದಾಗ ಮಣಿಕಟ್ಟು ಹಿಂದಕ್ಕೆ ಬಾಗಿರುತ್ತದೆ. ಆ ಹೊತ್ತಿನಲ್ಲಿ ರೇಡಿಯಸ್ಸಿನ ಅಂಗೈ ಬದಿಯನ್ನು ಎಳೆದಂತಾಗುತ್ತದೆ, ಹಿಂಬದಿಯನ್ನು ಅಮುಕಿದಂತಾಗುತ್ತದೆ. ಎಳೆದ ಬದಿಯಲ್ಲಿ ಎಲುಬು ಬಾಯಿಬಿಡುತ್ತದೆ, ಅಮುಕಿದ ಬದಿಯಲ್ಲಿ ಜಜ್ಜಿಹೋಗುತ್ತದೆ. ತುದಿಯ ತುಂಡು ಹಿಂಬದಿಗೆ ಸರಿಯುತ್ತದೆ. ಈ ಎಳೆತ ಮತ್ತು ಒತ್ತಡದ ಲೆಕ್ಕವನ್ನು ನೆನಪಿಟ್ಟುಕೊಳ್ಳಿ. ಮುಂದಿನ ಪ್ರಶ್ನೆಗಳ ಉತ್ತರವೂ ಇದರಲ್ಲೇ ಇದೆ. ಹಿಂಬದಿಗೆ ಸರಿದ ಕೈಯನ್ನು ಪಕ್ಕದಿಂದ ನೋಡಿದರೆ ಕವುಚಿಟ್ಟ ಊಟದ ಫೋರ್ಕಿನ ಬಾಗು ಕಾಣುತ್ತದೆ ಎಂದು ವೈದ್ಯಕೀಯ ಪುಸ್ತಕಗಳು ಹೇಳುತ್ತವೆ. ಕೈ ಒಳಕ್ಕೆ ಮಡಚಿದ ಸ್ಥಿತಿಯಲ್ಲಿ, ಹಿಂಬದಿ ನೆಲಕ್ಕೆ ತಗುಲಿ ಬಿದ್ದರೆ ತುಂಡು ಅಂಗೈ ಕಡೆಗೆ ಸರಿಯಬಹುದು. ಅದನ್ನು 1847ರಲ್ಲಿ ವರ್ಣಿಸಿದವನೂ ಡಬ್ಲಿನ್ನಿನವನೇ, ರಾಬರ್ಟ್ ಸ್ಮಿತ್. ಈ ಬಗೆಯದನ್ನು ಸರಿಕೂರಿಸಿದರೂ ಪ್ಲಾಸ್ಟರಿನಲ್ಲಿ ನಿಲ್ಲಿಸುವುದು ಕಷ್ಟ. ಹಾಗಾಗಿ ದಿಕ್ಕು ಹೇಳುವುದು ಬರೀ ಶಾಸ್ತ್ರಕ್ಕಲ್ಲ.

ಎಷ್ಟು ಸರಿದಿದೆ ಎಂಬುದನ್ನು ಎಲುಬಿನ ಅಗಲಕ್ಕೆ ಹೋಲಿಸಿ ಹೇಳುವುದು ರೂಢಿ: ಕಾಲು ಭಾಗ, ಅರ್ಧ ಭಾಗ, ಪೂರ್ತಿ. ಇದರ ಜೊತೆಗೆ ಗಿಡ್ಡವಾಗುವುದನ್ನೂ ಹೇಳಬೇಕು. ಹೆಚ್ಚಿನವರಲ್ಲಿ ಕೀಲಿನ ಬಳಿ ರೇಡಿಯಸ್ಸಿನ ಅಂಚೂ ಅಲ್ನಾದ ತುದಿಯೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತವೆ. ರೇಡಿಯಸ್ ಕುಸಿದರೆ ಅಲ್ನಾ ಮುಂದೆ ಚಾಚಿದಂತೆ ಕಾಣುತ್ತದೆ. ಎಲ್ಲರ ಕೈಯೂ ಒಂದೇ ಅಲ್ಲವಾದ್ದರಿಂದ ಅನುಮಾನ ಬಂದಾಗ ಪೆಟ್ಟಾಗದ ಕೈಯ ಎಕ್ಸ್‌ರೇ ತೆಗೆಸಿ ಹೋಲಿಸುತ್ತಾರೆ. ಕೆಲವೇ ಮಿಲಿಮೀಟರಿಗೆ ಇಷ್ಟೇಕೆ ತಲೆಕೆಡಿಸಿಕೊಳ್ಳಬೇಕು? ಮಣಿಕಟ್ಟಿನ ಮೇಲೆ ಬೀಳುವ ಭಾರದಲ್ಲಿ ಸುಮಾರು 80 ಭಾಗವನ್ನು ರೇಡಿಯಸ್ಸೂ 20 ಭಾಗವನ್ನು ಅಲ್ನಾವೂ ಹೊರುತ್ತವೆ. ಅಲ್ನಾ ಎರಡೂವರೆ ಮಿಲಿಮೀಟರ್ ಉದ್ದವಾದರೆ ಅದರ ಪಾಲು 40 ದಾಟುತ್ತದೆ ಎಂದು ಪ್ರಯೋಗಾಲಯದ ಅಳತೆಗಳು ತೋರಿಸಿವೆ. ಕೈ ಕೂಡಿಕೊಂಡ ಮೇಲೂ ಕಿರುಬೆರಳ ಕಡೆ ನೋವು ಉಳಿಯುವುದಕ್ಕೆ, ಬಟ್ಟೆ ಹಿಂಡುವಾಗ ಛಳಕ್ ಎನ್ನುವುದಕ್ಕೆ ಇದೊಂದು ಮುಖ್ಯ ಕಾರಣ.

ನಮ್ಮ ಹೊಲಿಗೆಯವರ ಫಿಲಂನಲ್ಲಿ ತುಂಡು ಕಾಲು ಭಾಗದಷ್ಟು ಹಿಂಬದಿಗೆ ಸರಿದಿತ್ತು. ಅಲ್ನಾ 4 ಮಿಲಿಮೀಟರ್ ಮುಂದಿತ್ತು.

ವಾಲಿದೆಯೇ?

ಎರಡನೆಯದು ಆಂಗ್ಯುಲೇಷನ್. ಸರಿಯುವುದು ಬೇರೆ, ವಾಲುವುದು ಬೇರೆ. ತುಂಡು ಒಂದಿಷ್ಟೂ ಸರಿಯದೆ ಬರೀ ವಾಲಿ ನಿಂತಿರಬಹುದು.

ಇದನ್ನು ಅಳೆಯುವುದು ಪಕ್ಕದ ಫಿಲಂನಲ್ಲಿ. ರೇಡಿಯಸ್ಸಿನ ಉದ್ದಕ್ಕೆ ನಡುವೆ ಒಂದು ಗೆರೆ ಎಳೆಯಿರಿ. ಅದಕ್ಕೆ ಲಂಬವಾಗಿ, ಕೀಲಿನ ಹತ್ತಿರ ಇನ್ನೊಂದು. ಕೀಲಿನ ಬಟ್ಟಲಿಗೆ ಅಂಗೈ ಕಡೆಯ ತುಟಿ, ಹಿಂಬದಿಯ ತುಟಿ ಎಂದು ಎರಡು ಅಂಚುಗಳಿವೆ. ಅವೆರಡನ್ನೂ ಸೇರಿಸಿ ಮೂರನೆಯ ಗೆರೆ. ಎರಡನೆಯ ಮತ್ತು ಮೂರನೆಯ ಗೆರೆಗಳ ನಡುವಿನ ಕೋನವೇ ನಮಗೆ ಬೇಕಾದದ್ದು. ಮುರಿಯದ ಕೈಯಲ್ಲಿ ಈ ಬಟ್ಟಲು ಅಂಗೈ ಕಡೆಗೆ ಸುಮಾರು 11 ಡಿಗ್ರಿ ಬಾಗಿರುತ್ತದೆ. ಇಲ್ಲೊಂದು ಸಾಮಾನ್ಯ ಎಡವಟ್ಟು ಆಗುತ್ತದೆ. ಕೋನ ಸೊನ್ನೆ ಎಂದರೆ ಎಲ್ಲ ಸರಿಯಿದೆ ಎಂದು ಎಣಿಸುತ್ತಾರೆ. ಸೊನ್ನೆ ಎಂದರೆ ಆಗಲೇ 11 ಡಿಗ್ರಿ ಹಿಂದಕ್ಕೆ ಹೋಗಿದೆ ಎಂದರ್ಥ. ಹಿಂಬದಿಗೆ 25 ಡಿಗ್ರಿ ವಾಲಿದೆ ಎಂದರೆ ಎಲುಬು ತನ್ನ ಮೂಲ ಜಾಗದಿಂದ ತಿರುಗಿರುವುದು 36 ಡಿಗ್ರಿ.

ಇದಕ್ಕಿಂತ ದೊಡ್ಡ ಗೊಂದಲ ದಿಕ್ಕಿನದು. ವಾಲಿಕೆಯನ್ನು ಹೇಳುವ ಕ್ರಮ ಎರಡಿವೆ. ತುದಿಯ ತುಂಡು ಯಾವ ಕಡೆಗೆ ವಾಲಿದೆ ಎಂದು ಹೇಳುವುದು ಒಂದು ಕ್ರಮ. ಮುರಿದಲ್ಲಿ ಮೂಡಿದ ಮೊಣಚು ಯಾವ ಕಡೆಗೆ ಮುಖ ಮಾಡಿದೆ ಎಂದು ಹೇಳುವುದು ಇನ್ನೊಂದು ಕ್ರಮ. ಇದನ್ನು ಏಪೆಕ್ಸ್ ಎನ್ನುತ್ತಾರೆ. ತುಂಡು ಹಿಂಬದಿಗೆ ವಾಲಿದಾಗ ಮೊಣಚು ಅಂಗೈ ಕಡೆಗೆ ಬರುತ್ತದೆ. ಅಂದರೆ ಒಂದೇ ಮುರಿತ ಮೊದಲ ಕ್ರಮದಲ್ಲಿ ಡಾರ್ಸಲ್, ಎರಡನೆಯ ಕ್ರಮದಲ್ಲಿ ಏಪೆಕ್ಸ್ ವೋಲಾರ್! ರಿಪೋರ್ಟಿನಲ್ಲಿ ಬರೀ “ವೋಲಾರ್ ಆಂಗ್ಯುಲೇಷನ್” ಎಂದು ಬರೆದುಬಿಟ್ಟರೆ ಓದಿದವರು ಅದನ್ನು ಕಾಲೀಸ್ ಎಂದು ತಿಳಿಯಬೇಕೋ ಸ್ಮಿತ್ ಎಂದು ತಿಳಿಯಬೇಕೋ? ಎರಡಕ್ಕೂ ಚಿಕಿತ್ಸೆ ಬೇರೆ. ಪ್ಲಾಸ್ಟರ್ ಹಾಕುವಾಗ ಒತ್ತಬೇಕಾದ ದಿಕ್ಕೇ ತಿರುವುಮುರುವು. ಆದ್ದರಿಂದ ಅನುಭವಸ್ಥರು ಒಂಟಿ ಪದ ಬಳಸುವುದಿಲ್ಲ. “ತುದಿಯ ತುಂಡು ಹಿಂಬದಿಗೆ 25 ಡಿಗ್ರಿ ವಾಲಿದೆ” ಎಂದು ಪೂರ್ತಿ ವಾಕ್ಯ ಹೇಳುತ್ತಾರೆ. ಅಲ್ಲಿಗೆ ಅನುಮಾನಕ್ಕೆ ಜಾಗವಿರುವುದಿಲ್ಲ.

ಎಷ್ಟು ಚೂರಾಗಿದೆ?

ಮೂರನೆಯದು ಕಮಿನ್ಯೂಷನ್. ಎಲುಬು ಎರಡೇ ತುಂಡಾಗಿದ್ದರೆ ಸರಳ ಮುರಿತ. ಎರಡಕ್ಕಿಂತ ಹೆಚ್ಚು ತುಂಡಾಗಿದ್ದರೆ ಕಮಿನ್ಯೂಟೆಡ್. ಆದರೆ ಚೂರು ಎಷ್ಟು ಎಂದು ಎಣಿಸುವುದಕ್ಕಿಂತ ಯಾವ ಗೋಡೆ ಚೂರಾಗಿದೆ ಎಂದು ಹೇಳುವುದು ಹೆಚ್ಚು ಉಪಯೋಗ. ಅಂಗೈ ಊರಿ ಬಿದ್ದಾಗ ಜಜ್ಜಿಹೋಗುವುದು ಹಿಂಬದಿಯ ಗೋಡೆ ಎಂದೆವಲ್ಲ, ಪಕ್ಕದ ಫಿಲಂನಲ್ಲಿ ಅಲ್ಲಿಯ ಬಿಳಿ ಗೆರೆ ಕಡಿದು ಕಡಿದು, ಸಣ್ಣ ಸಣ್ಣ ಚಕ್ಕೆಗಳಾಗಿ ಕಾಣುತ್ತದೆ.

ಈ ಗೋಡೆಯ ಗತಿಯೇ ಮುರಿತ ನಿಲ್ಲುತ್ತದೋ ಕುಸಿಯುತ್ತದೋ ಎಂಬುದನ್ನು ಹೇಳುವುದು. ಮುರಿದ ಜಾಗಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಬೆರಳುಗಳನ್ನು ಹಿಡಿದು ಎಳೆದು, ತುಂಡನ್ನು ಅಂಗೈ ಕಡೆಗೆ ಒತ್ತಿ ಕೂರಿಸುವುದು ದೊಡ್ಡ ಕಷ್ಟವಲ್ಲ. ಕೂರಿಸಿದ ಮೇಲೆ ಅದಕ್ಕೆ ಹಿಂದಿನಿಂದ ಆನಿಸಿ ನಿಲ್ಲಲು ಗೋಡೆ ಬೇಕು. ಗೋಡೆ ಪುಡಿಯಾಗಿದ್ದರೆ ತುಂಡನ್ನು ಎತ್ತಿ ನಿಲ್ಲಿಸಿದ ಜಾಗದಲ್ಲಿ ಪೊಳ್ಳು ಉಳಿಯುತ್ತದೆ. ಪ್ಲಾಸ್ಟರ್ ಚರ್ಮದ ಹೊರಗಿನಿಂದ ಹಿಡಿಯುವಂಥದ್ದು. ಒಳಗಿನ ಪೊಳ್ಳನ್ನು ಅದು ತುಂಬಲಾರದು. ಒಂದೆರಡು ವಾರದಲ್ಲಿ ಊತ ಇಳಿದು ಪ್ಲಾಸ್ಟರ್ ಸಡಿಲವಾಗುವ ಹೊತ್ತಿಗೆ ತುಂಡು ಮೆಲ್ಲನೆ ಹಿಂದಕ್ಕೇ ವಾಲುತ್ತದೆ.

ಹೀಗೆ ಕುಸಿಯುವ ಮುರಿತವನ್ನು ಮೊದಲ ದಿನದ ಫಿಲಂನಲ್ಲೇ ಗುರುತಿಸಬಹುದೇ? ಲಾಫಾಂಟೇನ್ ಮತ್ತು ಸಂಗಡಿಗರು 1989ರಲ್ಲಿ ಐದು ಲಕ್ಷಣಗಳನ್ನು ಪಟ್ಟಿ ಮಾಡಿದರು: ಹಿಂಬದಿಗೆ 20 ಡಿಗ್ರಿಗಿಂತ ಹೆಚ್ಚು ವಾಲಿಕೆ, ಹಿಂಬದಿಯ ಗೋಡೆ ಚೂರಾಗಿರುವುದು, ಬಿರುಕು ಕೀಲಿಗೆ ಇಳಿದಿರುವುದು, ಅಲ್ನಾ ಕೂಡ ಮುರಿದಿರುವುದು, 60 ದಾಟಿದ ವಯಸ್ಸು. ಇವುಗಳಲ್ಲಿ ಮೂರೋ ಹೆಚ್ಚೋ ಇದ್ದರೆ ಪ್ಲಾಸ್ಟರಿನೊಳಗೆ ಮುರಿತ ಜರುಗುವ ಸಂಭವ ಹೆಚ್ಚು. ಇವುಗಳಲ್ಲಿ ವಯಸ್ಸಿನ ಪಾತ್ರ ದೊಡ್ಡದು ಎಂದು ನಂತರದ ಅಧ್ಯಯನಗಳು ಹೇಳಿವೆ. ಮುಟ್ಟು ನಿಂತ ಮೇಲೆ ಹೆಂಗಸರ ಎಲುಬು ಟೊಳ್ಳಾಗುತ್ತ ಹೋಗುವುದರಿಂದ ಸಣ್ಣ ಬೀಳುವಿಕೆಗೂ ಗೋಡೆ ಪುಡಿಯಾಗುತ್ತದೆ.

ಒಂದು ಮಿತಿಯನ್ನೂ ಹೇಳಬೇಕು. ಸಾದಾ ಎಕ್ಸ್‌ರೇ ಚೂರುಗಳನ್ನು ಕಡಿಮೆ ಮಾಡಿಯೇ ತೋರಿಸುತ್ತದೆ. ಒಂದರ ಹಿಂದೆ ಒಂದು ಅಡಗಿದ ತುಂಡುಗಳು ಸಿಟಿ ಸ್ಕ್ಯಾನಿನಲ್ಲಿ ಮಾತ್ರ ಬಿಡಿಬಿಡಿಯಾಗಿ ಕಾಣುತ್ತವೆ.

ಕೀಲಿಗೆ ಇಳಿದಿದೆಯೇ?

ನಾಲ್ಕನೆಯದು ಕೀಲಿನ ಮಾತು. ರೇಡಿಯಸ್ಸಿನ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆಯಿದೆ. ಅದರಲ್ಲಿ ಅಕ್ಕಪಕ್ಕ ಎರಡು ತಗ್ಗುಗಳು. ಹೆಬ್ಬೆರಳ ಕಡೆಯದರಲ್ಲಿ ಸ್ಕೆಫಾಯ್ಡ್ ಎಂಬ ಕಿರಿಯ ಎಲುಬು ಕೂರುತ್ತದೆ, ಇನ್ನೊಂದರಲ್ಲಿ ಲೂನೇಟ್. ಇದಲ್ಲದೆ ಅಲ್ನಾದ ಪಕ್ಕದಲ್ಲಿ ಇನ್ನೊಂದು ಕೀಲಿದೆ. ಅಂಗೈಯನ್ನು ಮೇಲೆ ಕೆಳಗೆ ಮಗುಚಲು ಬೇಕಾದದ್ದು ಅದೇ. ಬಿರುಕು ಯಾವ ಕೀಲಿಗೆ ಇಳಿದಿದೆ ಎಂದು ಬಿಡಿಸಿ ಹೇಳಬೇಕು.

ಇಳಿದಿದೆ ಎಂದಷ್ಟೇ ಹೇಳಿದರೂ ಸಾಲದು. ಬಿರುಕಿನ ಎರಡು ಬದಿ ದೂರವಾಗಿವೆಯೇ ಅಥವಾ ಒಂದು ಬದಿ ಕುಸಿದು ಮೆಟ್ಟಿಲು ಮೂಡಿದೆಯೇ? ಮೊದಲನೆಯದು ಗ್ಯಾಪ್, ಎರಡನೆಯದು ಸ್ಟೆಪ್. ಇವುಗಳಲ್ಲಿ ಮೆಟ್ಟಿಲೇ ಹೆಚ್ಚು ಅಪಾಯಕಾರಿ. ಮೆಟ್ಟಿಲ ಅಂಚಿನ ಮೇಲೆ ಎದುರು ಎಲುಬು ವರ್ಷಗಟ್ಟಲೆ ಉಜ್ಜಿದರೆ ಮೃದ್ವಸ್ಥಿ ಸವೆಯುತ್ತದೆ. ಯುವಜನರ ಇಂಥ ಮುರಿತಗಳನ್ನು ಬಹುಕಾಲ ಅನುಸರಿಸಿದ ನರ್ಕ್ ಮತ್ತು ಜುಪಿಟರ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಿಂದ 2 ಮಿಲಿಮೀಟರ್ ಎಂಬ ಗಡಿ ಬಳಕೆಗೆ ಬಂತು. ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಮೆಟ್ಟಿಲು ಉಳಿದವರ ಎಕ್ಸ್‌ರೇಯಲ್ಲಿ ಸವೆತ ಎದ್ದು ಕಾಣುತ್ತಿತ್ತು. ಆದರೆ ಒಂದೇ ಫಿಲಂ ಮೇಲೆ ಇಬ್ಬರು ತಜ್ಞರು ಅಳತೆಪಟ್ಟಿ ಇಟ್ಟರೆ ಒಂದು ಮಿಲಿಮೀಟರ್ ಆಚೀಚೆ ಆಗುವುದು ಸಹಜ. ಹಾಗಾಗಿ ಗಡಿಯ ಹತ್ತಿರವಿದ್ದಾಗ ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ. ಎಕ್ಸ್‌ರೇಯ ಸವೆತವೆಲ್ಲ ನೋವಾಗಿಯೇ ಬಾಧಿಸುತ್ತದೆ ಎಂದೂ ಇಲ್ಲ.

ಎರಡು ಬಗೆಯನ್ನು ಮಾತ್ರ ತಪ್ಪಿಸಬಾರದು. ಲೂನೇಟ್ ಎಲುಬು ಗುದ್ದಿದ ರಭಸಕ್ಕೆ ಅದರ ಕೆಳಗಿನ ತಗ್ಗಿನ ತುಂಡು ಒಳಕ್ಕೆ ಹೂತುಹೋಗುವುದು ಒಂದು. ಅದಕ್ಕೆ ಡೈ ಪಂಚ್ ಎನ್ನುತ್ತಾರೆ. ಕೈ ಎಷ್ಟು ಎಳೆದರೂ ಆ ತುಂಡು ಮೇಲೆ ಬರುವುದಿಲ್ಲ, ಏಕೆಂದರೆ ಎಳೆತ ತಲುಪಿಸುವ ನಾರುಗಳು ಅದನ್ನು ಹಿಡಿದೇ ಇರುವುದಿಲ್ಲ. ಇನ್ನೊಂದು, ಕೀಲಿನ ಒಂದು ತುಟಿ ಸೀಳಿ, ಅದರೊಂದಿಗೆ ಇಡೀ ಮಣಿಕಟ್ಟೇ ಜಾರುವುದು. ಫಿಲಡೆಲ್ಫಿಯಾದ ಜಾನ್ ರಿಯಾ ಬಾರ್ಟನ್ 1838ರಲ್ಲಿ ವಿವರಿಸಿದ ಈ ಮುರಿತವೂ ಪ್ಲಾಸ್ಟರಿಗೆ ಬಗ್ಗುವುದು ಕಡಿಮೆ.

ನಾಲ್ಕನ್ನೂ ಕೂಡಿಸಿ

ಕಿರಿಯ ವೈದ್ಯರು ಮತ್ತೆ ಫಿಲಂ ನೋಡಿ, ಅಳೆದು, ಫೋನಿನಲ್ಲಿ ಹೇಳಿದ್ದು ಇಷ್ಟು: “ಬಲಗೈ ರೇಡಿಯಸ್ಸಿನ ಕೆಳತುದಿ, ಕೀಲಿಗಿಂತ 2 ಸೆಂಟಿಮೀಟರ್ ಮೇಲೆ ಮುರಿದಿದೆ. ತುದಿಯ ತುಂಡು ಕಾಲು ಭಾಗ ಹಿಂಬದಿಗೆ ಸರಿದಿದೆ, 25 ಡಿಗ್ರಿ ಹಿಂಬದಿಗೇ ವಾಲಿದೆ. ಅಲ್ನಾ 4 ಮಿಲಿಮೀಟರ್ ಮುಂದಿದೆ. ಹಿಂಬದಿಯ ಗೋಡೆ ಚೂರಾಗಿದೆ. ಎರಡು ತಗ್ಗುಗಳ ನಡುವೆ ಒಂದು ಬಿರುಕು ಕೀಲಿಗೆ ಇಳಿದಿದೆ, ಗ್ಯಾಪ್ 1 ಮಿಲಿಮೀಟರ್, ಸ್ಟೆಪ್ ಇಲ್ಲ. ಅಲ್ನಾದ ಚೂಪುತುದಿಯೂ ಮುರಿದಿದೆ. ಗಾಯ ಇಲ್ಲ ಸರ್. ಹೆಬ್ಬೆರಳು, ತೋರುಬೆರಳಲ್ಲಿ ಜೋಮು ಇಲ್ಲ.”

ಕೊನೆಯ ಎರಡು ಮಾತು ಎಕ್ಸ್‌ರೇಯಲ್ಲಿ ಕಾಣುವಂಥದ್ದಲ್ಲ, ಆದರೂ ಇರಲೇಬೇಕು. ಚರ್ಮ ಹರಿದು ಎಲುಬಿಗೆ ಹೊರಗಿನ ಸಂಪರ್ಕವಾಗಿದ್ದರೆ ಅದು ಬೇರೆಯೇ ತುರ್ತು. ಬೆರಳು ಜೋಮು ಹಿಡಿದಿದ್ದರೆ ಮೀಡಿಯನ್ ನರ ಒತ್ತಿಕೊಂಡಿರಬಹುದು.

ತಜ್ಞರು ಅತ್ತ ಕಾಗದದ ಮೇಲೆ ಮುರಿತ ಬರೆದುಕೊಂಡರು, ಐದು ಲಕ್ಷಣಗಳನ್ನೂ ಲೆಕ್ಕ ಹಾಕಿದರು. ಐದೂ ಇದ್ದವು. ಎಳೆದು ಕೂರಿಸಿ ಸ್ಲ್ಯಾಬ್ ಹಾಕಿಸಿದರು. ಆಮೇಲಿನ ಎಕ್ಸ್‌ರೇಯಲ್ಲಿ ವಾಲಿಕೆ ಸೊನ್ನೆಗೆ ಬಂದಿತ್ತು, ಅಲ್ನಾ ಒಂದೇ ಮಿಲಿಮೀಟರ್ ಮುಂದಿತ್ತು. ಮನೆಯವರಿಗೆ ಸಮಾಧಾನ. “ಎಲ್ಲ ಸರಿಹೋಯ್ತಲ್ಲ ಡಾಕ್ಟ್ರೇ, ಇನ್ನು ಆರು ವಾರ ಬಿಟ್ಟು ಬಂದರೆ ಸಾಕಲ್ಲ?” ಎಂದರು. “ಇಲ್ಲಮ್ಮ, ಒಂದು ವಾರಕ್ಕೆ ಬರಬೇಕು” ಎಂಬ ಉತ್ತರ ಬಂತು. ಒಂದು ವಾರಕ್ಕೆ 8 ಡಿಗ್ರಿ ಹಿಂದಕ್ಕೆ ವಾಲಿತ್ತು. ಎರಡನೆಯ ವಾರಕ್ಕೆ 16 ಡಿಗ್ರಿ, ಅಲ್ನಾ ಮತ್ತೆ 4 ಮಿಲಿಮೀಟರ್ ಮುಂದೆ. ಮೊದಲ ದಿನದ ವರ್ಣನೆಯಲ್ಲಿ ಇದರ ಸೂಚನೆ ಇದ್ದೇ ಇತ್ತು.

ಹೀಗಾದಾಗ ಏನು ಮಾಡಬೇಕು? ಅಮೆರಿಕದ ಮೂಳೆ ವೈದ್ಯರ ಅಕಾಡೆಮಿ 2009ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಕೂರಿಸಿದ ಮೇಲೂ ಹಿಂಬದಿಗೆ 10 ಡಿಗ್ರಿಗಿಂತ ಹೆಚ್ಚು ವಾಲಿಕೆ, 3 ಮಿಲಿಮೀಟರಿಗಿಂತ ಹೆಚ್ಚು ಗಿಡ್ಡವಾಗಿರುವುದು, ಅಥವಾ ಕೀಲಿನಲ್ಲಿ 2 ಮಿಲಿಮೀಟರಿಗಿಂತ ಹೆಚ್ಚು ಮೆಟ್ಟಿಲು ಇದ್ದರೆ ಆಪರೇಷನ್ ಯೋಚಿಸಬಹುದು ಎಂದಿತ್ತು. ನಮ್ಮ ಉದಾಹರಣೆಯ ಮಹಿಳೆ ಮೊದಲ ಎರಡನ್ನೂ ದಾಟಿದ್ದರು. ಬಲಗೈಯಲ್ಲಿ ಕತ್ತರಿ ಹಿಡಿದು ದುಡಿಯುವವರು. ಅಂಗೈ ಬದಿಯಿಂದ ಪ್ಲೇಟು ಕೂರಿಸಿ ಸ್ಕ್ರೂ ಬಿಗಿಯುವ ತೀರ್ಮಾನವಾಯಿತು. ಸ್ಕ್ರೂಗಳು ಪ್ಲೇಟಿಗೇ ಲಾಕ್ ಆಗಿ ಕೀಲಿನ ಮೇಲ್ಮೈಯನ್ನು ಕೆಳಗಿನಿಂದ ಎತ್ತಿ ಹಿಡಿಯುವುದರಿಂದ ಹಿಂಬದಿಯ ಪೊಳ್ಳು ಇದ್ದರೂ ತುಂಡು ಕುಸಿಯದೆ ನಿಲ್ಲುತ್ತದೆ.

ಇದೇ ಫಿಲಂ 78 ವರ್ಷದ, ಮನೆಯೊಳಗಿನ ಕೆಲಸಕ್ಕಷ್ಟೇ ಕೈ ಬಳಸುವ ಅಜ್ಜಿಯದಾಗಿದ್ದರೆ? ಉತ್ತರ ಬೇರೆಯಾಗಬಹುದಿತ್ತು. 65 ದಾಟಿದವರಲ್ಲಿ ಪ್ಲೇಟು ಹಾಕಿಸಿಕೊಂಡವರೂ ಪ್ಲಾಸ್ಟರಿನಲ್ಲೇ ಉಳಿದವರೂ ಒಂದು ವರ್ಷದ ಹೊತ್ತಿಗೆ ನೋವು, ದಿನದ ಕೆಲಸ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಕಡೆ ಬಂದು ನಿಲ್ಲುತ್ತಾರೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಕೈ ಸ್ವಲ್ಪ ಸೊಟ್ಟಗೆ ಕಾಣುತ್ತದೆ, ಅಷ್ಟೆ. ಮುರಿತ ಹೇಗಿದೆ ಎಂದು ನಾಲ್ಕು ಉತ್ತರಗಳು ಹೇಳುತ್ತವೆ. ಅದಕ್ಕೆ ಏನು ಮಾಡಬೇಕೆಂಬುದನ್ನು ಆ ಕೈ ಯಾರದು, ಏನು ಕೆಲಸ ಮಾಡುತ್ತದೆ ಎಂಬುದನ್ನೂ ಸೇರಿಸಿ ನಿರ್ಧರಿಸಬೇಕು.

ಫಿಲಂ ಮನೆಗೆ ಬಂದ ಮೇಲೆ

ಓದುಗರ ಮನೆಯಲ್ಲೂ ಇಂಥದ್ದೊಂದು ಆದರೆ ರಿಪೋರ್ಟು ಹಿಡಿದು ವೈದ್ಯರನ್ನು ಈ ನಾಲ್ಕು ಪ್ರಶ್ನೆ ಕೇಳಿ. ಎಳೆದು ಕೂರಿಸುವ ಮೊದಲಿನ ಫಿಲಂ ಬಿಸಾಡಬೇಡಿ. ಮುರಿತದ ನಿಜವಾದ ಸ್ವಭಾವ ಹೇಳುವುದು ಅದೇ. ಎಕ್ಸ್‌ರೇಯಲ್ಲಿ ಏನೂ ಇಲ್ಲ ಎಂದರೂ ಹೆಬ್ಬೆರಳ ಬುಡದ ಗುಳಿಯಲ್ಲಿ ಒತ್ತಿದರೆ ನೋಯುತ್ತಿದ್ದರೆ ಹತ್ತು ಹದಿನೈದು ದಿನ ಬಿಟ್ಟು ಇನ್ನೊಮ್ಮೆ ತೆಗೆಸಿ. ಸ್ಕೆಫಾಯ್ಡಿನ ಬಿರುಕು ಮೊದಲ ದಿನ ಅಡಗಿರಬಹುದು. ಪ್ಲಾಸ್ಟರ್ ಹಾಕಿದ ಮೇಲೆ ಬೆರಳು ನೀಲಿಗಟ್ಟಿದರೆ, ಜೋಮು ಹಿಡಿದರೆ, ನೋವು ಏರುತ್ತಲೇ ಹೋದರೆ ಬೆಳಗಾಗಲಿ ಎಂದು ಕಾಯಬೇಡಿ. 50 ದಾಟಿದವರು ನಿಂತಲ್ಲೇ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರೆ ಎಲುಬಿನ ಸಾಂದ್ರತೆಯ ಪರೀಕ್ಷೆಯನ್ನೂ ಕೇಳಿ. ಮುಂದಿನ ಸಲ ಮುರಿಯುವುದು ಸೊಂಟವಾಗಬಾರದು.

ಎಲ್ಲಕ್ಕಿಂತ ಮುಖ್ಯವಾಗಿ, ಮೊದಲ ಮತ್ತು ಎರಡನೆಯ ವಾರದ ಎಕ್ಸ್‌ರೇಯನ್ನು ತಪ್ಪಿಸಬೇಡಿ. ನೋವು ಕಡಿಮೆಯಾಗಿದೆ, ಬಸ್ಸು ಸಿಗಲಿಲ್ಲ, ಮನೆಯಲ್ಲಿ ಮದುವೆ ಎಂದು ಮುಂದೂಡುವವರು ಬಹಳ. ಆ ಎರಡು ವಾರದಲ್ಲಿ ಜರುಗಿದ್ದನ್ನು ಹಿಡಿದರೆ ಸರಿಪಡಿಸುವುದು ಸುಲಭ. ಆರು ವಾರ ಕಳೆದು ಎಲುಬು ಸೊಟ್ಟಗೇ ಕೂಡಿಕೊಂಡ ಮೇಲೆ ಅದನ್ನು ನೆಟ್ಟಗೆ ಮಾಡಬೇಕಾದರೆ ಮತ್ತೆ ಕತ್ತರಿಸಲೇಬೇಕು.